ಒಗ್ಗರಣೆಯ ಹಬೆ ಎಲ್ಲಿಂದ ಕಾಣುತ್ತದೆ?

«ನಮಸ್ಕಾರ ಸರ್. ಮೇಲಿನಿಂದ ಕ್ಯಾಮೆರಾ ಕಟ್ಟಿ ಅಡುಗೆ ಚಿತ್ರೀಕರಿಸುವ ಬಗ್ಗೆ ಲೇಖನ ಕಳಿಸಿದ್ದೇನೆ. ನಮ್ಮ ಬಳ್ಳಾರಿಯ ಮಂಡಕ್ಕಿ ಒಗ್ಗರಣೆಯನ್ನೇ ಉದಾಹರಣೆಯಾಗಿ ತಗೊಂಡೀನಿ. ಹಬೆ, ಸದ್ದು, ಅಳತೆ ಎಲ್ಲಾ ಬಂದಿದೆ ಅನ್ಕೊಂಡೀನಿ. ಪ್ರಕಟಿಸಬಹುದಾ? ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.»

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಉದಾಹರಣೆ ಮಾತ್ರ ಬಹಳ ಒಳ್ಳೆಯದು, ಅದನ್ನು ಬಿಡಬೇಡಿ. ಐದಾರು ನಿಮಿಷದಲ್ಲಿ ಮುಗಿಯುವ ಅಡುಗೆ, ಒಂದೇ ಬಾಣಲೆ, ಅದರಲ್ಲೇ ಸಾಸಿವೆ ಸಿಡಿಯುವುದರಿಂದ ಹಿಡಿದು ಅರಿಶಿಣದ ಬಣ್ಣ ಏರುವವರೆಗೆ ಎಲ್ಲವೂ ಇದೆ.

ಮುಖ್ಯ ತಪ್ಪು ಎರಡನೇ ಪ್ಯಾರಾದಲ್ಲಿದೆ. «ಮೇಲಿನಿಂದ ತೆಗೆದರೆ ಹಬೆ ಚೆಂದ ಕಾಣುತ್ತದೆ» ಎಂದು ಬರೆದಿದ್ದೀರಿ. ಕಾಣುವುದಿಲ್ಲ. ಹಬೆ ಎಂದರೆ ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು. ಅವು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತವೆ. ಹಾಗಾಗಿ ಕಿಟಕಿ ಹಬೆಯ ಆಚೆ, ಕ್ಯಾಮೆರಾ ಈಚೆ ಇದ್ದಾಗ ಅದು ಬೆಳ್ಳಗೆ ಹೊಳೆಯುತ್ತದೆ. ನೆತ್ತಿಯ ಮೇಲಿಂದ ನೋಡುವ ಕ್ಯಾಮೆರಾಕ್ಕೆ ಸಿಗುವುದು ಹೊಳಪಲ್ಲ, ಉಳ್ಳಾಗಡ್ಡಿಯ ಮೇಲೆ ಹೊದ್ದ ತೆಳು ಮಬ್ಬು. ಅಂದರೆ ತೋರಿಸಬೇಕಾದ ಪದಾರ್ಥವನ್ನೇ ಅದು ಮರೆಮಾಡುತ್ತದೆ.

ಆದ್ದರಿಂದ ಮೇಲಿನ ಕ್ಯಾಮೆರಾಕ್ಕೆ ಹಂತಗಳನ್ನು ತೋರಿಸುವ ಕೆಲಸ ಮಾತ್ರ ಕೊಡಿ. ಹಬೆಗೆ ಬೇರೆ ಶಾಟ್ ತೆಗೆಯಲು ಹೇಳಿ: ಬಾಣಲೆಯ ಅಂಚಿಗಿಂತ ತುಸು ಮೇಲೆ, ಕಿಟಕಿಗೆ ಎದುರಾಗಿ, ಹಿಂದೆ ಕಪ್ಪು ಬಟ್ಟೆ ಅಥವಾ ನೆರಳಿರುವ ಗೋಡೆ. ಬಟ್ಟೆ ಒಲೆಯಿಂದ ದೂರವಿರಲಿ, ಕಿಟಕಿಗೆ ಅಡ್ಡ ಬಾರದಿರಲಿ. ಬೆಳಕು ಅದರ ಪಕ್ಕದಿಂದ ಹಾಯ್ದು ಬರಬೇಕು. ಕಾದ ಉಳ್ಳಾಗಡ್ಡಿಯ ಮೇಲೆ ಟೊಮೆಟೊ ಬಿದ್ದ ಕ್ಷಣದಿಂದ ಮೂರು ಸೆಕೆಂಡ್ ಸಾಕು, ಹಬೆ ದಟ್ಟವಾಗಿ ಏಳುವುದು ಆಗಲೇ. ಸ್ಟೀಲ್ ಬಾಣಲೆ ಹೊಳೆದು ಫೋನಿನ ಬಿಂಬವನ್ನೇ ತೋರಿಸುತ್ತದೆ. ಹಳೆಯ ಕಬ್ಬಿಣದ ಬಾಣಲೆ ಬಳಸಲು ಹೇಳಿ, ಸಾಸಿವೆ ಬಿಟ್ಟು ಉಳಿದೆಲ್ಲದರ ಬಣ್ಣ ಅದರ ಮೇಲೆ ಎದ್ದು ಕಾಣುತ್ತದೆ.

«ಒಂದಡಿ ಎತ್ತರದಲ್ಲಿ ಫೋನ್ ಕಟ್ಟಿ» ಎಂಬ ಸಾಲನ್ನು ಓದುಗರು ನಂಬಿ ಮಾಡಿದರೆ ಫೋನ್ ಕೆಡುತ್ತದೆ. ಅಷ್ಟು ಹತ್ತಿರ ಒಲೆಯ ಬಿಸಿಗಾಳಿ ನೇರವಾಗಿ ತಾಗುತ್ತದೆ, ಕರಿಬೇವು ಬಿದ್ದಾಗ ಸಿಡಿಯುವ ಎಣ್ಣೆ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಇಂಚಿನ ಬಾಣಲೆಗೆ ಅಂಚಿನಿಂದ ಎರಡೂವರೆ ಅಡಿ ಎತ್ತರ ಇಟ್ಟು, 2x ಲೆನ್ಸ್ ಆರಿಸಿಕೊಂಡು ಫೋನನ್ನು ಅಡ್ಡ ಹಿಡಿದರೆ ಬಾಣಲೆಯೂ ಎರಡು ಬದಿಯ ಕೈಗಳೂ ಚೌಕಟ್ಟಿನಲ್ಲಿ ಕೂಡುತ್ತವೆ. ಫೋನನ್ನು ಒಂದೇ ಕಡೆಯಿಂದ ಚಾಚಿದ ಕೋಲಿಗೆ ಕಟ್ಟಬಾರದು. ಎರಡು ಸ್ಟ್ಯಾಂಡುಗಳ ನಡುವೆ ಅಡ್ಡಕೋಲು ಹಾಕಿ, ಕ್ಲಾಂಪಿನ ಜೊತೆಗೆ ದಾರದಿಂದಲೂ ಬಿಗಿಯಬೇಕು. ಕೆಳಗೆ ಕಾದ ಎಣ್ಣೆ ಇದೆ ಎಂಬುದನ್ನು ಲೇಖನ ಒಮ್ಮೆಯೂ ನೆನಪಿಸುವುದಿಲ್ಲ.

ನಮ್ಮ ಊರಿನ ಬಿಸಿಲನ್ನೂ ಮರೆತಿದ್ದೀರಿ. ಐಫೋನನ್ನು 35 ಡಿಗ್ರಿಗಿಂತ ಹೆಚ್ಚು ಬಿಸಿ ಇರುವ ಕಡೆ ಬಳಸಬೇಡಿ ಎಂದು ತಯಾರಕರೇ ಹೇಳುತ್ತಾರೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಒಲೆ ಹಚ್ಚುವ ಮೊದಲೇ ಅಡುಗೆಮನೆ ಆ ಗಡಿ ದಾಟಿರುತ್ತದೆ. ಮೊದಲು ತೆರೆ ಮಂಕಾಗುತ್ತದೆ, ಆಮೇಲೆ ರೆಕಾರ್ಡಿಂಗ್ ನಿಲ್ಲುತ್ತದೆ. ಬೆಳಿಗ್ಗೆ ಬೇಗ ಶುರುಮಾಡಿ, ಕವರ್ ತೆಗೆದು, ಒಂದು ಹಂತಕ್ಕೆ ಒಂದು ಕ್ಲಿಪ್‌ನಂತೆ ತೆಗೆಯುವುದೇ ಸರಿ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡುವುದು ಇನ್ನೂ ದೊಡ್ಡ ತಪ್ಪು. ತಣ್ಣಗಾದ ಗಾಜನ್ನು ಹಬೆಯ ಮೇಲೆ ತಂದ ತಕ್ಷಣ ನೀರು ಕಟ್ಟುತ್ತದೆ.

ಸೆಟ್ಟಿಂಗ್ ವಿಷಯಕ್ಕೆ ಎರಡು ಸಾಲು ಸಾಕು. ಹಬೆ ಎದ್ದಾಗ ಫೋನ್ ಅದನ್ನೇ ಫೋಕಸ್ ಮಾಡಲು ಹೋಗಿ ತಡಕಾಡುತ್ತದೆ, ಬಿಳಿ ಹೆಚ್ಚಾಯಿತೆಂದು ಚಿತ್ರವನ್ನು ಕತ್ತಲು ಮಾಡುತ್ತದೆ. ಆದ್ದರಿಂದ ಉಳ್ಳಾಗಡ್ಡಿ ಹಾಕುವ ಮೊದಲೇ ಬಾಣಲೆಯ ತಳದ ಮೇಲೆ ಬೆರಳು ಒತ್ತಿಹಿಡಿದು, ಫೋಕಸ್, ಬೆಳಕು ಎರಡೂ ಬದಲಾಗದಂತೆ ಹಿಡಿಯುವ AE/AF LOCK ತೆರೆಯ ಮೇಲೆ ಬಂದದ್ದನ್ನು ನೋಡಿಕೊಳ್ಳಬೇಕು. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗಿದರೆ ಶಟರ್ 1/50 ಅಥವಾ 1/100 ಇಡಬೇಕು, ನಮ್ಮ ವಿದ್ಯುತ್ 50 ಹರ್ಟ್ಸ್‌ನದು.

ಇನ್ನು ಸದ್ದು. «ಎಡಿಟಿಂಗ್‌ನಲ್ಲಿ ಹೆಚ್ಚಿಸಿ» ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೆಚ್ಚಿಸಿದರೆ ಗ್ಯಾಸಿನ ಭುಸ್ ಸದ್ದೂ ಜೊತೆಗೆ ಹೆಚ್ಚುತ್ತದೆ. ಒಲೆಯ ಉರಿಯೂ ಎಣ್ಣೆಯ ಚೊಂಯ್ ಸದ್ದೂ ಒಂದೇ ಬಗೆಯ ಸರಸರ, ಅವನ್ನು ಆಮೇಲೆ ಬೇರೆ ಮಾಡುವುದು ಬಹಳ ಕಷ್ಟ. ಉಪಾಯ ಸರಳ: ಉಳ್ಳಾಗಡ್ಡಿ ಹಾಕಿದ ಕೂಡಲೇ ಹತ್ತು ಸೆಕೆಂಡ್ ಗ್ಯಾಸ್ ಆರಿಸಿ. ದಪ್ಪ ಕಬ್ಬಿಣ ಬಿಸಿ ಹಿಡಿದಿರುವುದರಿಂದ ಚೊಂಯ್ ಸದ್ದು ನಿಲ್ಲುವುದಿಲ್ಲ, ಶುದ್ಧವಾಗಿ ಸಿಗುತ್ತದೆ. ತೆಳು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇದು ನಡೆಯದು, ಬಿಸಿ ಬೇಗ ಇಳಿದು ಉಳ್ಳಾಗಡ್ಡಿ ನೀರು ಬಿಡುತ್ತದೆ. ಫ್ಯಾನು, ಎಕ್ಸಾಸ್ಟ್ ಎರಡೂ ಬಂದ್ ಇರಬೇಕು.

ಮೇಲಿನ ಫೋನಿನ ಮೈಕನ್ನು ನೆಚ್ಚಬಾರದು. ಇನ್ನೊಂದು ಫೋನನ್ನೋ ಸಣ್ಣ ಮೈಕನ್ನೋ ಬಾಣಲೆಯ ಪಕ್ಕಕ್ಕೆ ಒಂದಡಿ ದೂರದಲ್ಲಿ, ಹಬೆಯ ದಾರಿ ತಪ್ಪಿಸಿ ಇಡಿ. ಸಾಸಿವೆ ಸಿಡಿಯುವಾಗ ಮೀಟರು −6 ಡೆಸಿಬಲ್ ದಾಟದಂತೆ ಮೊದಲೇ ಹೊಂದಿಸಬೇಕು, ಸಾಸಿವೆಯ ಚಿಟಪಟ ಒಮ್ಮೆ ಒಡೆದ ಸದ್ದಾಗಿ ದಾಖಲಾದರೆ ಸರಿಪಡಿಸಲಾಗದು. ಪ್ರತಿ ಕ್ಲಿಪ್ಪಿನ ಆರಂಭದಲ್ಲಿ, ರೆಕಾರ್ಡಿಂಗ್ ಶುರುವಾದ ಮೇಲೆ, ಸೌಟಿನಿಂದ ಬಾಣಲೆಯ ಅಂಚಿಗೆ ಒಂದು ಸಲ ತಟ್ಟಿದರೆ ಚಿತ್ರ, ಸದ್ದು ಎರಡನ್ನೂ ಆ ಟಣ್ ಹಿಡಿದು ಕೂಡಿಸಬಹುದು.

ಈಗ ಹಂತಗಳು. «ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆಗೆ ಹಾಕಿ» ಎಂಬ ಬರಹ ತೆರೆಯ ಮೇಲೆ ಬಂದರೆ ನಮ್ಮೂರಿನವರಿಗೆ ಸಾಕು, ಮೊದಲ ಸಲ ಮಾಡುವವರಿಗೆ ಮುದ್ದೆ ಆಗುತ್ತದೆ. 100 ಗ್ರಾಂ ಮಂಡಕ್ಕಿಯನ್ನು ನೀರಿಗೆ ಹಾಕಿ, ಕೈಯಿಂದ ಅದುಮಿ ಮುಳುಗಿಸಿ, ಅರ್ಧ ನಿಮಿಷದಲ್ಲೇ ಹಿಂಡಿ ಪರಾತಕ್ಕೆ ಉದುರಿಸಬೇಕು. ಉದುರಿದ ಕಾಳು ಬಿಡಿಬಿಡಿಯಾಗಿರುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಅದೇ ಪರೀಕ್ಷೆ. ಬಾಣಲೆಗೆ ಮೂರು ಚಮಚ ಎಣ್ಣೆ, ಮೊದಲು ಶೇಂಗಾ, ಅದು ಕೆಂಪಾಗತೊಡಗಿದಾಗ ಅರ್ಧ ಚಮಚ ಸಾಸಿವೆ, ಆಮೇಲೆ ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಎರಡು ಉಳ್ಳಾಗಡ್ಡಿ, ಕಾಲು ಚಮಚ ಅರಿಶಿಣ, ಒಂದು ಟೊಮೆಟೊ. ಕೊನೆಗೆ ಮಂಡಕ್ಕಿ, ಉರಿ ಆರಿಸಿ ಮೂರು ಚಮಚ ಪುಟಾಣಿ ಪುಡಿ. ನೀವು ಶೇಂಗಾವನ್ನು ಸಾಸಿವೆಯ ನಂತರ ಹಾಕಿಸಿದ್ದೀರಿ. ಶೇಂಗಾ ಕೆಂಪಾಗುವಷ್ಟರಲ್ಲಿ ಸಾಸಿವೆ ಕರಕಲಾಗಿ ಕಹಿಯಾಗುತ್ತದೆ.

ಪದಾರ್ಥದ ಹೆಸರು, ಅಳತೆ ಅದು ಬೀಳುವ ಮೊದಲೇ ತೆರೆಗೆ ಬರಲಿ. ನೀವೇ ಎರಡು ಸಲ ಬಾಯಿಬಿಟ್ಟು ಓದಿ ಮುಗಿಸುವವರೆಗೆ ಅದು ಅಲ್ಲೇ ಇರಲಿ. ಒಂದು ಬದಿಯಲ್ಲಿ ಬಾಣಲೆಗೆ ತಾಗದ ಖಾಲಿ ಜಾಗ ಬಿಟ್ಟು ಚೌಕಟ್ಟು ಕಟ್ಟಿದರೆ ಅಕ್ಷರ ಹಬೆಯ ಮೇಲೆ ಬೀಳುವುದಿಲ್ಲ. «ಸಿಡಿದ ಮೇಲೆ» ಎಂದು ಬರೆಯುವ ಕಡೆ ಅಕ್ಷರ ಬೇಡ, ಸಿಡಿತವನ್ನೇ ಕೇಳಿಸಿ, ಅದು ಕಡಿಮೆಯಾದಾಗ ಮುಂದಿನ ಕೈ ಚೌಕಟ್ಟಿಗೆ ಬರಲಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇವೆ. ಉಪ್ಪಿನ ಅಳತೆಯನ್ನೂ ಆಗ ಸರಿಮಾಡಿ. ಅಂಗಡಿಯ ಮಂಡಕ್ಕಿಯಲ್ಲಿ ಅನೇಕ ಸಲ ಉಪ್ಪು ಇದ್ದೇ ಇರುತ್ತದೆ, ಹಿಂಡಿದ ಮೇಲೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡದೆ ಒಂದು ಚಮಚ ಎಂದು ಬರೆಯಬೇಡಿ.