ವಿಳಾಸ ಯಾರದು ಎಂದಲ್ಲ, ಆ ಪೆಟ್ಟಿಗೆಯನ್ನು ತೆರೆಯುವವರು ಯಾರು ಎಂದು ನೋಡಿ

ಪ್ರಶ್ನೆ: ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರಿಗೆ ಸುಳಿವೇ ಸಿಗದಂತೆ ವಿದಾಯ ಕೂಟ ಮಾಡಬೇಕೆಂದಿದ್ದೇವೆ. ಎಲ್ಲರ ಬಿಡುವಿನ ವೇಳೆಯನ್ನೂ ವಂತಿಗೆಯನ್ನೂ ಕೇಳುವ ಇ-ಮೇಲನ್ನು ಗುಟ್ಟು ಬಯಲಾಗದಂತೆ ಬರೆಯುವುದು ಹೇಗೆ?

ಉತ್ತರ: ಕೆಲವು ವರ್ಷಗಳ ಹಿಂದೆ ಹಾಸನದ ಒಂದು ಕಚೇರಿಯಲ್ಲಿ ಇಂಥದೇ ಇ-ಮೇಲನ್ನು ನಾನು ಬರೆದಿದ್ದೆ. ನಮ್ಮ ಅಧೀಕ್ಷಕಿ ಅಕ್ಟೋಬರ್ 31ರಂದು ನಿವೃತ್ತರಾಗುವವರಿದ್ದರು. ಆ ವರ್ಷ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳೂ ಅದೇ ವಾರಕ್ಕೆ ಬಂದಿದ್ದವು. ದೇವಿಯ ದರ್ಶನ ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವವರೆಗೆ ಮಾತ್ರ ಇರುವುದರಿಂದ ಊರಿನಲ್ಲಿ ಜನ, ಬಸ್ಸಿನಲ್ಲಿ ಜನ. ನಮ್ಮವರಲ್ಲೂ ಕೆಲವರು ಅಲ್ಲಿನ ಸರದಿ ಸಾಲಿನ ಕೆಲಸಕ್ಕೆ ನಿಯೋಜನೆಗೊಂಡಿದ್ದರು. ಅರಸೀಕೆರೆ, ಬೇಲೂರು, ಹೊಳೆನರಸೀಪುರದಿಂದ ದಿನವೂ ಬಂದು ಹೋಗುವವರು ಸಂಜೆ ಐದಾದ ಮೇಲೆ ಒಂದು ನಿಮಿಷವೂ ನಿಲ್ಲುವಂತಿರಲಿಲ್ಲ. ಹಾಗಾಗಿ ಬಾಯಿಮಾತಿನಲ್ಲಿ ವೇಳೆ ಗೊತ್ತುಮಾಡಲಾಗದೆ ಇ-ಮೇಲಿನ ಮೊರೆ ಹೋದೆ.

ಮೇಡಂ ಅವರನ್ನು ಬಿಟ್ಟರೆ ನಾವು ಇಪ್ಪತ್ತಾರು ಜನ. ಕಚೇರಿಗೆಲ್ಲ ಸೇರಿ ಒಂದು ಗುಂಪಿನ ವಿಳಾಸವಿತ್ತು. ಅದರಲ್ಲಿ ಅವರೂ ಇದ್ದುದರಿಂದ ಅದನ್ನು ಮುಟ್ಟಲಿಲ್ಲ. ಒಂದೊಂದೇ ವಿಳಾಸವನ್ನು ಕೈಯಾರೆ ಟೈಪು ಮಾಡಿ Bcc ಸಾಲಿಗೆ ಸೇರಿಸಿದೆ. To ಸಾಲಿನಲ್ಲಿ ನನ್ನದೇ ವಿಳಾಸ. ಮೂರು ಸಲ ಪಟ್ಟಿಯನ್ನು ಓದಿ ಅವರ ಹೆಸರು ಇಲ್ಲವೆಂದು ಖಚಿತಪಡಿಸಿಕೊಂಡೆ. ಕೊನೆಗೆ, ಸಭಾಂಗಣ ಬಳಸಲು ಅನುಮತಿ ಬೇಕಲ್ಲ, ಸಾಹೇಬರಿಗೂ ಗೊತ್ತಿರಲಿ ಎಂದು ನಮ್ಮ ಅಧಿಕಾರಿಯ ಅಧಿಕೃತ ವಿಳಾಸವನ್ನು Cc ಸಾಲಿನಲ್ಲಿ ಹಾಕಿ ಕಳುಹಿಸಿದೆ.

ತಪ್ಪಾದದ್ದು ಅಲ್ಲಿಯೇ. ಆ ವಿಳಾಸ ಅಧಿಕಾರಿಯ ಹೆಸರಿನದಲ್ಲ, ಹುದ್ದೆಯದು. ಅಧಿಕಾರಿಗಳು ವರ್ಗವಾಗಿ ಬರುತ್ತಿದ್ದರು, ಹೋಗುತ್ತಿದ್ದರು. ಆ ಪೆಟ್ಟಿಗೆಯನ್ನು ಬೆಳಿಗ್ಗೆ ಹತ್ತು ಗಂಟೆಗೆ ತೆರೆದು, ಬಂದ ಪತ್ರಗಳನ್ನು ಮುದ್ರಿಸಿ, ಆವಕ ಮೊಹರು ಒತ್ತಿ, ಸಂಖ್ಯೆ ಬರೆದು, ಟಪಾಲು ಕಡತದಲ್ಲಿಟ್ಟು ಸಾಹೇಬರ ಮೇಜಿಗೆ ಕಳುಹಿಸುತ್ತಿದ್ದವರು ನಮ್ಮ ಅಧೀಕ್ಷಕಿಯೇ. ಹನ್ನೆರಡು ವರ್ಷ ಅವರು ಅದನ್ನು ಮಾಡಿದ್ದರು. ನಾನು ಅದನ್ನು ಪ್ರತಿದಿನ ಕಣ್ಣಾರೆ ಕಂಡಿದ್ದೆ. ಆದರೂ ವಿಳಾಸವನ್ನು ಟೈಪು ಮಾಡುವಾಗ ನನ್ನ ಕಣ್ಣಮುಂದೆ ಇದ್ದದ್ದು ಸಾಹೇಬರ ಮುಖ ಮಾತ್ರ.

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮಲ್ಲಿಯೂ ಇದೇ ಆಗಬಹುದು. Bcc ಯಲ್ಲಿರುವವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವರಲ್ಲಿ ಯಾರಾದರೂ Reply all ಒತ್ತಿದರೂ ಆ ಉತ್ತರ Bcc ಯಲ್ಲಿರುವ ಉಳಿದವರಿಗೆ ಹೋಗುವುದಿಲ್ಲ; ಕಳುಹಿಸಿದವನಿಗೆ ಮತ್ತು To, Cc ಸಾಲುಗಳಲ್ಲಿ ಇರುವವರಿಗೆ ಮಾತ್ರ ಹೋಗುತ್ತದೆ. ಅದು ದೊಡ್ಡ ರಕ್ಷಣೆ ಎಂದು ನಾನು ನಂಬಿದ್ದೆ. ನನ್ನ ಪತ್ರದಲ್ಲಿ Cc ಯಲ್ಲಿದ್ದ ಒಂದೇ ಒಂದು ವಿಳಾಸ ಆ ಹುದ್ದೆಯ ಪೆಟ್ಟಿಗೆ. ಅಂದರೆ ಎಲ್ಲರ ಕಣ್ಣಿಗೂ ಮರೆಯಾಗಿದ್ದ ಉತ್ತರಗಳು, ಯಾರಿಗೆ ಹೋಗಬಾರದಿತ್ತೋ ಅವರಿಗೊಬ್ಬರಿಗೇ ನೇರವಾಗಿ ತಲುಪುವ ದಾರಿಯನ್ನು ನಾನೇ ಮಾಡಿಕೊಟ್ಟಿದ್ದೆ.

ಇಬ್ಬರು Reply all ಒತ್ತಿದರು. ಒಬ್ಬರು, ಮಗಳ ಶುಲ್ಕ ಕಟ್ಟಿ ಕೈ ಖಾಲಿಯಾಗಿದೆ, ಐನೂರು ಈ ತಿಂಗಳು ಆಗುವುದಿಲ್ಲ ಎಂದು ಬರೆದಿದ್ದರು. ಇನ್ನೊಬ್ಬರು, ಹೋದ ತಿಂಗಳು ತಾನೇ ಒಬ್ಬರಿಗೆ ಕೊಟ್ಟಿದ್ದೇವೆ, ಪ್ರತಿ ತಿಂಗಳೂ ಇದೇ ಆಯಿತು ಎಂದಿದ್ದರು. ಮೊದಲನೆಯವರು ಮೇಡಂ ಜೊತೆ ಹದಿನೆಂಟು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡವರು. ಅಷ್ಟಕ್ಕೂ ನಿಲ್ಲಲಿಲ್ಲ. ಇಪ್ಪತ್ತಾರು ಜನರಿಂದ ಐನೂರರಂತೆ 13,000 ರೂಪಾಯಿ ಬರಬೇಕಿತ್ತು. ಹದಿನೇಳು ಜನರಿಂದ 8,500 ಬಂದಿತ್ತು. ಅಕ್ಟೋಬರ್ 27ರಂದು ನಾನು ಅದೇ ವಿಳಾಸಗಳಿಗೆ ನೆನಪೋಲೆ ಕಳುಹಿಸಿ, ಇನ್ನೂ ಕೊಡದ ಒಂಬತ್ತು ಜನರ ಹೆಸರನ್ನು ಅದರಲ್ಲಿ ಸಾಲಾಗಿ ಬರೆದೆ.

ಮರುದಿನ ಮಧ್ಯಾಹ್ನ ಮೇಡಂ ನನ್ನ ಮೇಜಿನ ಬಳಿ ಬಂದು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ಇಟ್ಟರು. ನನ್ನ ನೆನಪೋಲೆಯ ಮುದ್ರಿತ ಪ್ರತಿ. ಬಲ ಮೂಲೆಯಲ್ಲಿ ಮೊಹರು ಬೀಳಬೇಕಾದ ಜಾಗ ಖಾಲಿ ಇತ್ತು.

“ಇದಕ್ಕೆ ಆವಕ ನಂಬರ್ ಹಾಕಿಲ್ಲ ಕಣಪ್ಪ, ಇದು ಕಚೇರಿ ಕಾಗದ ಅಲ್ಲ,” ಎಂದರು. ಒಂದು ಕ್ಷಣ ಬಿಟ್ಟು, “ಆ ಒಂಬತ್ತು ಜನರ ಹತ್ರ ಏನೂ ಕೇಳ್ಬೇಡ, ನನ್ನಿಂದ ಯಾರಿಗೂ ಭಾರ ಆಗೋದು ಬೇಡ,” ಎಂದು ಹೇಳಿ ಹೋದರು.

ಕಳುಹಿಸಿದ ಪತ್ರವನ್ನು ಹಿಂದಕ್ಕೆ ಪಡೆಯಬಹುದಿತ್ತಲ್ಲ ಎಂದು ಆಮೇಲೆ ಕೆಲವರು ಕೇಳಿದರು. ಜಿಮೇಲಿನ Undo Send ಗೆ ಹೆಚ್ಚೆಂದರೆ 30 ಸೆಕೆಂಡು ಇಟ್ಟುಕೊಳ್ಳಬಹುದು. ಅದು ದಾಟಿದ ಮೇಲೆ ದಾರಿಯಿಲ್ಲ. ನೀವು ಆ ಅವಧಿಯನ್ನು ಇಂದೇ 30ಕ್ಕೆ ಏರಿಸಿಕೊಳ್ಳಿ, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಇಂಥ ತಪ್ಪು ಅರ್ಧ ನಿಮಿಷದೊಳಗೆ ಹೊಳೆಯುವಂಥದಲ್ಲ. ನನಗೆ ಹೊಳೆಯಲು ಆ ಮಡಿಸಿದ ಕಾಗದವೇ ಬರಬೇಕಾಯಿತು.

ಆದ್ದರಿಂದ ಕಳುಹಿಸುವ ಮೊದಲು ಪ್ರತಿ ವಿಳಾಸದ ಮುಂದೆ ಬೆರಳಿಟ್ಟು, ಈ ಪೆಟ್ಟಿಗೆಯನ್ನು ಯಾರು ಯಾರು ತೆರೆಯುತ್ತಾರೆ ಎಂದು ಕೇಳಿಕೊಳ್ಳಿ. ಹುದ್ದೆಯ ವಿಳಾಸ, ಶಾಖೆಗೆಲ್ಲ ಸೇರಿದ ವಿಳಾಸ, ಇಬ್ಬರು ಬಳಸುವ ಕಂಪ್ಯೂಟರಿನಲ್ಲಿ ಸದಾ ತೆರೆದೇ ಇರುವ ಖಾತೆ, ಇವೆಲ್ಲವನ್ನೂ ಬಿಟ್ಟುಬಿಡಿ. ಮೇಲಧಿಕಾರಿಗೆ ತಿಳಿಸಬೇಕಾದರೆ ಅವರ ಕೋಣೆಗೆ ಹೋಗಿ ಬಾಯಲ್ಲಿ ಹೇಳಿ. ಎರಡು ನಿಮಿಷದ ಕೆಲಸ. ಹಳೆಯ ಪತ್ರವೊಂದಕ್ಕೆ ಉತ್ತರವಾಗಿ ಬರೆಯದೆ ಹೊಸದಾಗಿಯೇ ಆರಂಭಿಸಿ. ವಿಷಯದ ಸಾಲಿನಲ್ಲಿಯೂ ಮೊದಲ ವಾಕ್ಯದಲ್ಲಿಯೂ ಅವರ ಹೆಸರಾಗಲಿ ‘ವಿದಾಯ’ ಎಂಬ ಪದವಾಗಲಿ ಇರದಿರಲಿ, ಏಕೆಂದರೆ ಪತ್ರ ಬಂದಾಗ ಪರದೆಯ ಮೂಲೆಯಲ್ಲಿ ಮಿಂಚಿ ಹೋಗುವುದು ಅವೆರಡೇ, ಮತ್ತು ಅವರು ಆಗ ಯಾರ ಕುರ್ಚಿಯ ಹಿಂದೆ ನಿಂತಿರುತ್ತಾರೋ ಹೇಳಲಾಗದು.

ಇನ್ನು ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಿವೃತ್ತಿಯ ದಿನ ನಿವೃತ್ತರಾಗುವವರಿಗೆ ವರ್ಷಗಳ ಮೊದಲೇ ಗೊತ್ತಿರುತ್ತದೆ. ಆ ದಿನ ಸಹೋದ್ಯೋಗಿಗಳು ಏನಾದರೂ ಮಾಡುತ್ತಾರೆಂದು ಅವರು ನಿರೀಕ್ಷಿಸುತ್ತಾರೆ. ಯಾರೂ ಒಂದು ಮಾತೂ ಆಡದೆ ಇದ್ದರೆ, ನನ್ನನ್ನು ಯಾರೂ ನೆನೆಯಲಿಲ್ಲವಲ್ಲ ಎಂಬ ನೋವಿನಲ್ಲಿ ಕೊನೆಯ ವಾರ ಕಳೆಯುತ್ತಾರೆ. ಸುಳ್ಳು ಸಭೆಯ ನೆಪ ಹೇಳಿ ಕರೆಯುವುದು ಇನ್ನೂ ಕೆಟ್ಟದ್ದು. ನಮ್ಮ ಮೇಡಂ ಅವರಿಗೆ 31ರಂದು ಪರಿಶೀಲನಾ ಸಭೆ ಇದೆ ಎಂದು ಹೇಳಿದ್ದೆವು. ಅವರು 29ರ ರಾತ್ರಿಯವರೆಗೂ ಕೂತು ಆ ಸಭೆಗೆಂದು ಬಾಕಿ ಕಡತಗಳ ಪಟ್ಟಿ ತಯಾರಿಸಿದ್ದರು. ಕೂಟವೆಂದು ಗೊತ್ತಿದ್ದೂ, ಸಭೆ ನಿಜವೇ ಆಗಿದ್ದರೆ ಪಟ್ಟಿ ಬೇಕಾಗುತ್ತದೆಂದು ತಯಾರಿಸಿದ್ದು. ಆದ್ದರಿಂದ ಕೂಟವನ್ನು ಅವರಿಗೆ ನೇರವಾಗಿ ಹೇಳಿ, ಮನೆಯವರನ್ನೂ ಕರೆತರಲು ಬಿನ್ನವಿಸಿ. ಗುಟ್ಟಾಗಿ ಒಂದನ್ನೇ ಇಡಿ: ಉಡುಗೊರೆ. ಆಗ ವೇಳೆ ಕೇಳುವ ಪತ್ರಕ್ಕೆ ಗುಟ್ಟಿನ ಅಗತ್ಯವೇ ಇರುವುದಿಲ್ಲ. ಕಾಯಬೇಕಾದದ್ದು ವಂತಿಗೆಯ ಪತ್ರ ಮಾತ್ರ.

ಎರಡನ್ನೂ ಒಂದೇ ಪತ್ರದಲ್ಲಿ ಕೇಳಬೇಡಿ. ಹಣದ ಬಗ್ಗೆ ಹಿಂಜರಿಯುವವರು ವೇಳೆಯ ಪ್ರಶ್ನೆಗೂ ಉತ್ತರಿಸುವುದಿಲ್ಲ. ನನ್ನ ಮೊದಲ ಪತ್ರಕ್ಕೆ ಹನ್ನೊಂದು ಜನ ಏನನ್ನೂ ಬರೆಯದೇ ಇದ್ದುದು ಅದಕ್ಕೇ. ವೇಳೆ ಕೇಳುವಾಗ ಯಾವಾಗ ಬಿಡುವು ಎಂದು ಕೇಳದೆ ಎರಡೇ ಆಯ್ಕೆ ಕೊಡಿ, 31ರ ಮಧ್ಯಾಹ್ನ 1.15 ಅಥವಾ 3.30 ಎಂಬಂತೆ, ಕೊನೆಯ ಬಸ್ಸು, ರೈಲು ಹಿಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ವಂತಿಗೆಯ ಪತ್ರವನ್ನು ಇಂದು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

“ವಿಷಯ: 31ರ ಮಧ್ಯಾಹ್ನದ ಬಗ್ಗೆ. ನಮಸ್ಕಾರ. ಇದು ನಿಮ್ಮೊಬ್ಬರಿಗೆ ಮಾತ್ರ. ದಯವಿಟ್ಟು ಮುಂದೆ ಕಳುಹಿಸಬೇಡಿ, ಮುದ್ರಿಸಬೇಡಿ. ನಾವೆಲ್ಲ ಸೇರಿ ಒಂದು ನೆನಪಿನ ಕಾಣಿಕೆ ಕೊಡಬೇಕೆಂದಿದ್ದೇವೆ. ಮನಸ್ಸಿದ್ದವರು ಇಷ್ಟವಾದಷ್ಟನ್ನು 24ರೊಳಗೆ ನನ್ನ ಕೈಗೆ ಲಕೋಟೆಯಲ್ಲಿ ಕೊಡಬಹುದು. ಲಕೋಟೆಯ ಮೇಲೆ ಹೆಸರು ಬೇಡ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಇರುವುದಿಲ್ಲ. ಕಾಣಿಕೆಯ ಮೇಲೆ ಎಲ್ಲರ ಹೆಸರೂ ಇರುತ್ತದೆ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಪಟ್ಟಿಯೇ ಇಲ್ಲದಿದ್ದರೆ ಸೋರುವುದಕ್ಕೂ ಏನಿರುವುದಿಲ್ಲ. ಫೋನಿನಲ್ಲಿ ಯುಪಿಐ ಮೂಲಕ ಕಳುಹಿಸುವವರಿದ್ದರೆ ಟಿಪ್ಪಣಿಯ ಜಾಗವನ್ನು ಖಾಲಿ ಬಿಡುವಂತೆ ಹೇಳಿ, ಕಳುಹಿಸಿದ್ದರ ಚಿತ್ರವನ್ನು ಯಾವ ಗುಂಪಿಗೂ ಹಾಕದಂತೆ ಕೇಳಿಕೊಳ್ಳಿ. ಉಡುಗೊರೆಯನ್ನು ಬಂದ ಹಣಕ್ಕೆ ಹೊಂದಿಸಿ; ಉಡುಗೊರೆಗೆ ಹಣವನ್ನು ಹೊಂದಿಸಲು ಹೊರಟದ್ದರಿಂದಲೇ ನಾನು ಆ ಒಂಬತ್ತು ಹೆಸರುಗಳನ್ನು ಬರೆದದ್ದು.

ನಮ್ಮ ಕೂಟ 31ರಂದು ಮೂರೂವರೆಗೆ ನಡೆಯಿತು. ಹಿಂದಿನ ಮೂರು ದಿನಗಳಲ್ಲಿ ನಾನು ಒಂಬತ್ತು ಜನರ ಬಳಿಗೂ ಹೋಗಿ ಕ್ಷಮೆ ಕೇಳಿದ್ದೆ. ಇದ್ದ 8,500ರಲ್ಲಿಯೇ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಹಳೆಯ ಪ್ರವಾಸದ ಒಂದು ಗುಂಪು ಚಿತ್ರವನ್ನು ದೊಡ್ಡದಾಗಿಸಿ ಕಟ್ಟು ಹಾಕಿಸಿದ್ದು, ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಮೇಡಂ ನಗುತ್ತಲೇ ಇದ್ದರು. ಆದರೆ Reply all ಒತ್ತಿದ್ದ ಇಬ್ಬರೂ ಬರಲಿಲ್ಲ. ತಮ್ಮ ಮಾತು ಅವರ ಕಣ್ಣಿಗೆ ಬಿದ್ದಿದೆಯೆಂದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಹದಿನೆಂಟು ವರ್ಷ ಜೊತೆಗೆ ಉಂಡವರು ಆ ದಿನ ಅರ್ಧ ದಿನದ ರಜೆ ಹಾಕಿ ಊರಿಗೆ ಹೋಗಿಬಿಟ್ಟಿದ್ದರು. ಚಿತ್ರದಲ್ಲಿ ಮೇಡಂ ಪಕ್ಕದಲ್ಲಿ ನಿಂತಿದ್ದವರು ಅವರೇ. ಅವರ ಪಾಲಿನ ಕೇಸರಿಬಾತನ್ನು ಮೇಡಂ ಒಂದು ಡಬ್ಬಿಗೆ ಹಾಕಿಸಿ, ಅದೇ ಸಂಜೆ ಅವರ ಮನೆಗೆ ತಾವೇ ತೆಗೆದುಕೊಂಡು ಹೋದರೆಂದು ಆಮೇಲೆ ಜವಾನರು ಹೇಳಿದರು.