ಶೀಟಿನಲ್ಲಿ ಸಾಲ, ಖಾತೆಯಲ್ಲಿ ಉಳಿಕೆ

ಉಡುಪಿಯ ದಂಪತಿ ತಮ್ಮ ಮನೆ ಲೆಕ್ಕವನ್ನು ನಮಗೆ ತೋರಿಸಿದ್ದರು, ಗುರುತಿನ ವಿವರಗಳನ್ನು ಬದಲಿಸಿದೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ 62,000 ರೂಪಾಯಿ. ಪತಿ ಬರೆದಿಡುವ ಸ್ಪ್ರೆಡ್‌ಶೀಟ್‌ನಲ್ಲಿ ಆ ತಿಂಗಳ ಖರ್ಚು 70,000. ಆದರೆ ಬ್ಯಾಂಕಿನಲ್ಲಿ 5,000 ಹೆಚ್ಚಾಗಿತ್ತು. "ನಾನು ಸೂಪರ್‌ಮಾರ್ಕೆಟಿಗೆ ಹೋದದ್ದಕ್ಕೇ ಎಲ್ಲ ಆದದ್ದು ಅಂತಾರೆ ಮಾರಾಯ್ರೆ" ಎಂಬುದು ಪತ್ನಿಯ ದೂರು.

ತಪ್ಪಿದ್ದದ್ದು ಒಂದೇ ಸಾಲಿನಲ್ಲಿ: ‘ಕ್ರೆಡಿಟ್ ಕಾರ್ಡ್ ಬಿಲ್, 14,500’. ಕಾರ್ಡಿನಲ್ಲಿ ಕೊಂಡದ್ದನ್ನೆಲ್ಲ ಇವರು ಕೊಂಡ ದಿನವೇ ಬರೆಯುತ್ತಿದ್ದರು. ಹಾಗಾದರೆ ಬಿಲ್ ಕಟ್ಟಿದ್ದು ಹೊಸ ಖರ್ಚಲ್ಲ, ಹಿಂದಿನ ತಿಂಗಳ ಖರೀದಿಯ ಬಾಕಿ ತೀರಿಸಿದ್ದು. ಆ ಸಾಲಿಗೆ ‘ವರ್ಗಾವಣೆ’ ಎಂಬ ವರ್ಗ ಕೊಟ್ಟು ಒಟ್ಟು ಖರ್ಚಿನಿಂದ ಹೊರಗಿಡಲು ಹೇಳಿದೆವು. ಖರ್ಚು 55,500ಕ್ಕೆ ಇಳಿಯಿತು, ಉಳಿಕೆ 6,500. ಅದರಲ್ಲಿ 5,000 ಖಾತೆಯಲ್ಲಿದೆ. ಕಾರ್ಡಿನಲ್ಲಿ ಈ ತಿಂಗಳು ಕೊಂಡದ್ದು 13,000, ಕಟ್ಟಿದ್ದು 14,500. ಮಿಕ್ಕ 1,500 ಬಾಕಿ ಕಡಿಮೆಯಾದದ್ದರಲ್ಲಿದೆ. ಲೆಕ್ಕ ಕೂಡಿತು.

ಮುಂದೆ ವರ್ಗಗಳು. ಶೀಟಿನಲ್ಲಿ ಇಪ್ಪತ್ತೊಂಬತ್ತಿದ್ದವು: ಮೀನು, ತರಕಾರಿ, ದಿನಸಿ, ಹಾಲು ಎಲ್ಲ ಬೇರೆ ಬೇರೆ, ಜೊತೆಗೆ ‘ಸೂಪರ್‌ಮಾರ್ಕೆಟ್’. ಕೊನೆಯದು ಅಂಗಡಿಯ ಹೆಸರೇ ಹೊರತು ಖರ್ಚಿನ ಬಗೆಯಲ್ಲ. ಅಕ್ಕಿ, ಸೋಪು, ಮಗುವಿನ ಚಪ್ಪಲಿ ಎಲ್ಲ ಅದರೊಳಗೆ ಸೇರಿ ಆ ಒಂದು ಸಾಲು ಉಬ್ಬಿತ್ತು. ಎರಡು ವರ್ಗಗಳಲ್ಲಿ ಯಾವುದು ಹೆಚ್ಚಾದರೂ ನೀವು ಮಾಡುವುದು ಒಂದೇ ಆದರೆ ಅವನ್ನು ಕೂಡಿಸಿ ಎಂದೆವು. ಮೀನು, ತರಕಾರಿ, ದಿನಸಿ, ಹಾಲು ‘ಅಡುಗೆಮನೆ’ಯಾದವು. ಹೋಟೆಲ್ ಬೇರೆಯೇ ಉಳಿಯಿತು, ಅದನ್ನು ತಗ್ಗಿಸುವ ದಾರಿ ಬೇರೆ. ಕೊನೆಗೆ ನಿಂತದ್ದು ಒಂಬತ್ತು. ಸೂಪರ್‌ಮಾರ್ಕೆಟ್ ಬಿಲ್ಲಿನಲ್ಲಿ ಬೇರೆ ವರ್ಗದ್ದು 500 ರೂಪಾಯಿ ದಾಟಿದರೆ ಮಾತ್ರ ಎರಡು ಸಾಲು ಮಾಡಿ. ಇಲ್ಲದಿದ್ದರೆ ಬರೆಯುವ ಉತ್ಸಾಹವೇ ಹೋಗುತ್ತದೆ.

ಕಾಲಮ್‌ಗಳು ನಾಲ್ಕು: ದಿನಾಂಕ, ಮೊತ್ತ, ವರ್ಗ, ಟಿಪ್ಪಣಿ. ವರ್ಗವನ್ನು ಟೈಪ್ ಮಾಡಬಾರದು, ಡ್ರಾಪ್‌ಡೌನ್‌ನಿಂದ ಆರಿಸಬೇಕು. ಕೊನೆಯಲ್ಲಿ ಒಂದು ಸ್ಪೇಸ್ ಹೆಚ್ಚಾದರೂ ಸೂತ್ರ ಆ ಸಾಲನ್ನು ಬಿಟ್ಟುಬಿಡುತ್ತದೆ. H1ರಲ್ಲಿ ತಿಂಗಳ ಮೊದಲ ದಿನಾಂಕ ಇಡಿ.

```
=SUMIFS(B:B, C:C, "ಅಡುಗೆಮನೆ", A:A, ">="&H1, A:A, "<"&EDATE(H1,1))
```

ಮೊತ್ತ ಕಡಿಮೆ ಬಂದರೆ ದಿನಾಂಕ ನೋಡಿ. ಗೂಗಲ್ ಶೀಟ್ಸ್‌ನ ಲೊಕೇಲ್ ಅಮೆರಿಕದ್ದಾಗಿದ್ದರೆ 13/06 ಬರಿ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ, 05/06 ಸದ್ದಿಲ್ಲದೆ ಮೇ ತಿಂಗಳಿಗೆ ಹೋಗುತ್ತದೆ. ಇವರ ಶೀಟಿನಲ್ಲೂ ಅದೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಭಾರತ ಎಂದು ಬದಲಿಸಿ, ಹಳೆಯ ದಿನಾಂಕಗಳನ್ನು ಮತ್ತೆ ಬರೆಯಬೇಕಾಯಿತು.

ತಿಂಗಳ ಅವಲೋಕನಕ್ಕೆ ಮೊದಲ ಭಾನುವಾರ, ಅರ್ಧ ಗಂಟೆ, ಇಬ್ಬರೂ ಕೂತು. ಮೊದಲು ಮೇಲಿನಂತೆ ಬ್ಯಾಂಕ್ ಮತ್ತು ಕಾರ್ಡಿನ ತಾಳೆ. 200 ರೂಪಾಯಿಯೊಳಗಿನ ವ್ಯತ್ಯಾಸ ಹುಡುಕುತ್ತಾ ಕೂರಬೇಡಿ. ಆಮೇಲೆ ‘ಇತರೆ’: ಒಟ್ಟು ಖರ್ಚಿನ ಶೇ. 5 ದಾಟಿದ್ದರೆ ಒಳಗಿನ ಸಾಲುಗಳನ್ನು ಓದಿ. ಇವರದ್ದರಲ್ಲಿ ಮದುವೆ ಉಡುಗೊರೆ, ದೈವದ ಕೋಲದ ವಂತಿಗೆ ಪದೇ ಪದೇ ಬಂದಿದ್ದವು. ಅವಕ್ಕೆ ‘ಕಾರ್ಯಕ್ರಮ’ ಎಂಬ ವರ್ಗ ಸಿಕ್ಕಿತು. ಕೊನೆಗೆ ಹಿಂದಿನ ಮೂರು ತಿಂಗಳ ಸರಾಸರಿಗಿಂತ ಬಹಳ ಏರಿದ ಒಂದೇ ಒಂದು ವರ್ಗದ ಬಗ್ಗೆ ಮಾತು. ಯಾರು ಖರ್ಚು ಮಾಡಿದರು ಎಂಬ ಕಾಲಮ್ ಸೇರಿಸಲೇ ಎಂದು ಪತಿ ಕೇಳಿದರು. ಸದ್ಯಕ್ಕೆ ಬೇಡ ಎಂದೆವು.