1000 ಥ್ರೆಡ್ ಕೌಂಟ್ ಬೆಡ್‌ಶೀಟೋ, 300ರದ್ದೋ?

ಪ್ರಶ್ನೆ: ಮೈಸೂರಿನ ಅಂಗಡೀಲಿ 1000 ಥ್ರೆಡ್ ಕೌಂಟ್ ಕಾಟನ್ ಬೆಡ್‌ಶೀಟೂ ಇದೆ, 300ರದ್ದೂ ಇದೆ. ಯಾವುದು ಬಾಳಿಕೆ ಬರುತ್ತೆ?

ಉತ್ತರ: 300ರದ್ದೇ ತಗೊಳ್ಳಿ, ಆದರೆ ನೇಯ್ಗೆ ನೋಡಿ. ಥ್ರೆಡ್ ಕೌಂಟ್ ಅಂದರೆ ಒಂದು ಚದರ ಇಂಚಿನಲ್ಲಿರುವ ಹಾಸು, ಹೊಕ್ಕು ಎಳೆಗಳ ಒಟ್ಟು ಲೆಕ್ಕ. ಅಷ್ಟರಲ್ಲಿ 1000 ಹಿಡಿಸೋದು ಕಷ್ಟ. ಎರಡು ಮೂರು ಎಳೆ ಹುರಿ ಮಾಡಿದ ನೂಲನ್ನು ಬಿಡಿಸಿ ಎಣಿಸಿ ಆ ಅಂಕಿ ಹಾಕಿರುತ್ತಾರೆ. ಬಟ್ಟೆ ದಪ್ಪ, ಬೇಸಿಗೆಯಲ್ಲಿ ಸೆಕೆ, ಒಣಗೋದೂ ನಿಧಾನ.

ಪರ್ಕೇಲ್ ನೇಯ್ಗೆಯಲ್ಲಿ ಎಳೆ ಒಂದರ ಮೇಲೆ, ಒಂದರ ಕೆಳಗೆ ಹೋಗುತ್ತೆ. ಗರಿಗರಿ, ತಂಪು, ಗಟ್ಟಿ. ಸ್ಯಾಟೀನ್ ನೇಯ್ಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಎಳೆ ದಾಟಿ ಒಂದರಡಿ ನುಸುಳುತ್ತೆ. ಅದಕ್ಕೇ ಆ ನುಣುಪು, ಹೊಳಪು. ಆದರೆ ಮೇಲೆ ತೇಲುವ ಉದ್ದ ಎಳೆ ಕಾಲುಗೆಜ್ಜೆಗೆ ಸಿಕ್ಕಿ ಎದ್ದುಬರುತ್ತೆ, ಉಜ್ಜಿದ ಕಡೆ ಜುಂಗು ಗಂಟುಕಟ್ಟುತ್ತೆ.

ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದನ್ನ ನೀವೇ ಲೆಕ್ಕ ಹಾಕಬಹುದು. 90×108 ಇಂಚಿನ ಬೆಡ್‌ಶೀಟ್ ಸುಮಾರು 6.27 ಚದರ ಮೀಟರ್. 800 ಗ್ರಾಂ ತೂಗಿದರೆ 800 ÷ 6.27, ಅಂದರೆ ಹತ್ತಿರ ಹತ್ತಿರ 128. ಪರ್ಕೇಲ್‌ಗೆ 110ರಿಂದ 140 ಸರಿ. 100ಕ್ಕಿಂತ ಕಡಿಮೆಯಾದರೆ ಮಲಗುವ ನಡುಭಾಗ ಬೇಗ ತೆಳುವಾಗುತ್ತೆ. ಒಂದು ಸಲ ಒಗೆದು ಒಣಗಿಸಿಯೇ ತೂಗಿ, ಹೊಸ ಬಟ್ಟೆಯ ಗಂಜಿಗೂ ತೂಕವಿದೆ.